ರಕ್ತ ಬರದ ವಸಡು

(ನಮ್ಮ ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಮಾಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಕುರ್ಚಿಯಲ್ಲಿ ಕೂರಿಸಿ ಮೊದಲು ಒಂದಷ್ಟು ಪ್ರಶ್ನೆ ಕೇಳುತ್ತಾರೆ. ಸಕ್ಕರೆ ಕಾಯಿಲೆ ಇದೆಯಾ, ಬಿಪಿ ಇದೆಯಾ, ಯಾವ ಮಾತ್ರೆ ತಗೋತೀರಿ. ಇಷ್ಟಕ್ಕೆಲ್ಲ ಜನ ಸರಾಗವಾಗಿ ಉತ್ತರ ಕೊಡುತ್ತಾರೆ. ಆಮೇಲೆ ನಾನು "ಬೀಡಿ, ಸಿಗರೇಟು, ಹೊಗೆಸೊಪ್ಪು ಏನಾದರೂ?" ಅಂತೇನೆ. ಆಗ ಅವರ ಕಣ್ಣು ಮೆಲ್ಲಗೆ ಮೇಲಿನ ಫ್ಯಾನಿನ ಕಡೆ ಹೋಗುತ್ತದೆ. "ಯಾವಾಗಲೋ ಒಂದೊಂದು ಮೇಡಂ." ಆ ಒಂದೊಂದು ಎಷ್ಟು ಅಂತ ತಿಳಿಯೋಕೆ ಇನ್ನೂ ಮೂರು ಪ್ರಶ್ನೆ ಬೇಕು.

ಜನ ಏನು ಅಂದುಕೊಳ್ಳುತ್ತಾರೆ ಅಂದರೆ, ಈಗ ಬುದ್ಧಿವಾದ ಶುರುವಾಗುತ್ತೆ ಅಂತ. ತಪ್ಪು ಅವರದಲ್ಲ, ನಮ್ಮಲ್ಲಿ ಹಲವರು ಹಾಗೇ ಮಾಡುತ್ತೇವೆ. ಆದರೆ ಆ ಪ್ರಶ್ನೆಗೆ ಇನ್ನೊಂದು ಕಾರಣ ಇದೆ. ನೀವು ಸೇದುತ್ತೀರೋ ಇಲ್ಲವೋ ಗೊತ್ತಾಗದೆ ನಿಮ್ಮ ವಸಡು ನನಗೆ ಹೇಳುತ್ತಿರುವುದನ್ನು ಸರಿಯಾಗಿ ಓದೋಕೆ ಆಗಲ್ಲ. ಇವತ್ತಿನ ಮಾತೆಲ್ಲ ಇದೊಂದರ ಸುತ್ತಲೇ.

ಒಬ್ಬ ಲಾರಿ ಡ್ರೈವರ್ ಕಥೆಯಿಂದ ಶುರು ಮಾಡುತ್ತೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ವಯಸ್ಸು 44. ದಿನಕ್ಕೆ 15 ಸಿಗರೇಟು, 20 ವರ್ಷದಿಂದ. ಬಂದದ್ದು ನೋವಿಗಲ್ಲ. ತಮ್ಮನ ಮಗಳ ಮದುವೆಯ ಫೋಟೋ ನೋಡಿ ಅವರ ಹೆಂಡತಿ "ನಿಮ್ಮ ಮುಂದಿನ ಹಲ್ಲಿನ ಮಧ್ಯ ಸಂದು ಯಾವಾಗ ಬಂತು?" ಅಂತ ಕೇಳಿದ್ದರು. ನಮ್ಮ ಮದುವೆ ಫೋಟೋದಲ್ಲಿ ಈ ಸಂದು ಇಲ್ಲ ಅನ್ನೋದು ಆಕೆಯ ವಾದ. ಹಳೇ ಆಲ್ಬಮ್ಮನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ನನಗೆ ಎಕ್ಸ್‌ರೇಗಿಂತ ಅದೇ ಜಾಸ್ತಿ ಉಪಯೋಗಕ್ಕೆ ಬಂತು ಅಂದರೆ ನಗಬೇಡಿ.

ವಸಡು ಹೇಗಿದೆ ಅಂತ ಕೇಳಿದೆ. "ವಸಡು ಗಟ್ಟಿ ಇದೆ ಮೇಡಂ. ಇಷ್ಟು ವರ್ಷದಲ್ಲಿ ಒಂದು ಹನಿ ರಕ್ತ ಬಂದಿಲ್ಲ. ಇವಳಿಗೆ ಬ್ರಶ್ ಮಾಡಿದರೆ ರಕ್ತ ಬರುತ್ತೆ, ನನಗೆ ಇಲ್ಲ" ಅಂದರು. ಬಾಯಿ ತೆರೆಸಿ ನೋಡಿದರೆ ಹೌದು. ಕೆಂಪಿಲ್ಲ, ಊತ ಇಲ್ಲ. ತೆಳು ಬಣ್ಣದ, ದಪ್ಪ ಅಂಚಿನ, ಗಟ್ಟಿ ವಸಡು. ಹೆಂಡತಿಯ ಬಾಯನ್ನೂ ಆಮೇಲೆ ನೋಡಿದೆ. ಅವರಿಗೆ ವಸಡು ಉಬ್ಬಿತ್ತು, ಮುಟ್ಟಿದರೆ ರಕ್ತ ಬರುತ್ತಿತ್ತು, ಆದರೆ ಮೂಳೆ ಎಲ್ಲೂ ಸವೆದಿರಲಿಲ್ಲ. ಕ್ಲೀನಿಂಗ್ ಮಾಡಿ ಬ್ರಶ್ ಮಾಡುವ ರೀತಿ ತಿದ್ದಿದ ಮೇಲೆ ಸರಿಹೋಯಿತು. ಒಂದೇ ಮನೆ, ಒಂದೇ ಅಡುಗೆ. ಕಣ್ಣಿಗೆ ಕೆಟ್ಟದಾಗಿ ಕಂಡ ವಸಡು ಆಕೆಯದು. ಹಲ್ಲು ಉದುರುವ ಹಂತಕ್ಕೆ ಬಂದಿದ್ದು ಗಂಡನದು.

ಇದು ಹೇಗೆ ಗೊತ್ತಾಯಿತು? ವಸಡು ಮತ್ತು ಹಲ್ಲಿನ ನಡುವೆ ಸುತ್ತಲೂ ಒಂದು ಸಣ್ಣ ಸಂದು ಇರುತ್ತದೆ. ಆರೋಗ್ಯವಾಗಿದ್ದರೆ ಅದರ ಆಳ 1ರಿಂದ 3 ಮಿಲಿಮೀಟರ್. ಕಾಯಿಲೆ ಬಂದಾಗ ವಸಡು ಹಲ್ಲಿನಿಂದ ಬಿಟ್ಟುಕೊಂಡು, ಸಂದು ಜೇಬಿನ ಹಾಗೆ ಆಳವಾಗುತ್ತದೆ. ಅದಕ್ಕೇ ಪಾಕೆಟ್ ಅನ್ನುತ್ತೇವೆ. ಅದನ್ನು ಅಳೆಯೋಕೆ ಪ್ರೋಬ್ ಅಂತ ಗೆರೆ ಹಾಕಿದ ಒಂದು ತೆಳು ಕಡ್ಡಿ ಇದೆ. ಚುಚ್ಚುವುದಿಲ್ಲ, 20–25 ಗ್ರಾಂ ತೂಕದಷ್ಟು ಮಾತ್ರ ಒತ್ತಿ ಒಳಗೆ ಇಳಿಸುತ್ತೇವೆ. ಒಂದು ಹಲ್ಲಿಗೆ ಆರು ಕಡೆ, ಹೊರಗೆ ಮೂರು, ಒಳಗೆ ಮೂರು. ಇಳಿಸಿ ತೆಗೆದ ಮೇಲೆ ಅರ್ಧ ನಿಮಿಷದೊಳಗೆ ಆ ಜಾಗದಲ್ಲಿ ರಕ್ತ ಬಂತಾ ಅಂತಲೂ ನೋಡಿ ಬರೆದುಕೊಳ್ಳುತ್ತೇವೆ.

ನಮ್ಮ ಡ್ರೈವರಿಗೆ 28 ಹಲ್ಲು. ಅಂದರೆ 168 ಜಾಗ. ಅದರಲ್ಲಿ 58 ಕಡೆ ಆಳ 5 ಮಿಲಿಮೀಟರ್ ಅಥವಾ ಹೆಚ್ಚು. ಮೇಲಿನ ಮುಂದಿನ ಹಲ್ಲುಗಳ ಹಿಂಭಾಗ, ಅಂದರೆ ಅಂಗುಳಿನ ಕಡೆ, 6 ಮತ್ತು 7. ಸೇದುವವರಲ್ಲಿ ಆ ಜಾಗ ಜಾಸ್ತಿ ಹಾಳಾಗಿರುವುದು ಸಾಮಾನ್ಯ. ದವಡೆ ಹಲ್ಲುಗಳಲ್ಲೂ 7. ಎಕ್ಸ್‌ರೇಯಲ್ಲಿ ದವಡೆ ಹಲ್ಲಿನ ಬೇರಿನ ಸುತ್ತ ಮೂಳೆ ಅರ್ಧದಷ್ಟು ಇಳಿದಿತ್ತು. ಮುಂದಿನ ಹಲ್ಲಿಗೆ ಹಿಡಿತ ಕಡಿಮೆಯಾಗಿ, ನಾಲಿಗೆ ತುಟಿ ತಳ್ಳಿದ ಕಡೆ ಅವು ಸರಿದಿದ್ದವು. ಫೋಟೋದ ಸಂದು ಅದೇ.

ಈಗ ರಕ್ತ. 168ರಲ್ಲಿ 20 ಕಡೆ ಮಾತ್ರ, ಅದೂ ಚುಕ್ಕಿ ಚುಕ್ಕಿ. ಸೇದದ ಒಬ್ಬರಿಗೆ ಇಷ್ಟು ಆಳದ ಪಾಕೆಟ್ ಇದ್ದರೆ ಆ 58ರಲ್ಲಿ ಬಹುಪಾಲು ಜಾಗ ರಕ್ತ ಕಾರುತ್ತಿತ್ತು, ವರ್ಷಗಳ ಹಿಂದೆಯೇ ಬ್ರಶ್ಶಿನಲ್ಲಿ ಕಂಡಿರುತ್ತಿತ್ತು. ಅವರು ಆಗಲೇ ಬಂದಿರುತ್ತಿದ್ದರು.

ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಆಯಿಲ್ ಲೈಟಿನ ಬಲ್ಬೇ ಸುಟ್ಟೋಗಿತ್ತು ಅನ್ನಿ" ಅಂದರು. ನಾನು ಇಷ್ಟು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ಯಾರಿಗೂ ವಿವರಿಸಿಲ್ಲ. ಆಯಿಲ್ ಕಡಿಮೆಯಾಗುತ್ತಲೇ ಇದೆ, ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ದೀಪ ಹತ್ತಲ್ಲ.

ಬಲ್ಬ್ ಸುಡುವುದು ಹೇಗೆ? ಮೊದಲು ಸೇದದವರ ವಸಡಲ್ಲಿ ಏನಾಗುತ್ತೆ ನೋಡೋಣ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟುತ್ತದೆ. ಅದು ಅನ್ನದ ಅಗುಳಲ್ಲ, ಬ್ಯಾಕ್ಟೀರಿಯಾಗಳ ಪದರ. ಅದೇ ಗಟ್ಟಿಯಾದರೆ ಕಲ್ಲಿನಂತಾಗುತ್ತದೆ, ಟಾರ್ಟರ್ ಅನ್ನುತ್ತೇವೆ. ಪಾಚಿ ಕಂಡ ಕೂಡಲೇ ದೇಹ ಅಲ್ಲಿಗೆ ಬಿಳಿ ರಕ್ತಕಣ ಕಳಿಸಬೇಕು. ಅದಕ್ಕೆ ದಾರಿ ಬೇಕು. ಇದ್ದ ರಕ್ತನಾಳ ಹಿಗ್ಗುತ್ತವೆ, ಹೊಸ ಸಣ್ಣ ನಾಳಗಳು ಹುಟ್ಟುತ್ತವೆ. ವಸಡು ಕೆಂಪಾಗುವುದು, ಉಬ್ಬುವುದು ಅದಕ್ಕೇ. ಒಳಗಿನ ಚರ್ಮ ತೆಳುವಾಗಿ ಅಲ್ಲಲ್ಲಿ ಹುಣ್ಣಾಗಿರುತ್ತದೆ. ಬ್ರಶ್ಶೋ ಪ್ರೋಬೋ ತಗುಲಿದರೆ ಆ ಎಳೆ ನಾಳಗಳು ಒಡೆದು ರಕ್ತ ಬರುತ್ತದೆ. ಅಂದರೆ ರಕ್ತ ಬರುವುದು ಒಂದು ಥರದಲ್ಲಿ ದೇಹ ಜಗಳಕ್ಕೆ ನಿಂತಿದೆ ಅನ್ನೋದರ ಗುರುತು.

ಸೇದುವವರಲ್ಲಿ ಈ ನಾಳಗಳ ಕೆಲಸವೇ ಮಂದ. ಸಾಮಾನ್ಯವಾಗಿ ಹೇಳುವ ಕಾರಣ ಏನೆಂದರೆ, ನಿಕೋಟಿನ್ ದೇಹದಲ್ಲಿ ಅಡ್ರಿನಲಿನ್ ಬಿಡಿಸುತ್ತದೆ, ಅದು ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ, ಅದಕ್ಕೇ ರಕ್ತ ಕಡಿಮೆ. ಚಳಿಯಲ್ಲಿ ಬೆರಳ ತುದಿ ಬಿಳಿಚಿಕೊಳ್ಳುತ್ತಲ್ಲ, ಹಾಗೆ. ಇದು ನಿಜ, ಆದರೆ ಅರ್ಧ ನಿಜ ಅಂತ ನನ್ನ ಅಭಿಪ್ರಾಯ. ಸಿಗರೇಟು ಸೇದುವ ಆ ಹೊತ್ತಿನಲ್ಲೇ ವಸಡಿನ ರಕ್ತದ ಹರಿವು ಅಳೆದವರಿದ್ದಾರೆ. ಕೆಲವು ಸಲ ಅದು ಕಡಿಮೆಯಾಗದೆ ಹೆಚ್ಚೇ ಆಗಿದೆ, ಯಾಕೆಂದರೆ ಆಗ ಬಿಪಿಯೂ ಏರಿರುತ್ತದೆ. ಹಾಗಾಗಿ ಬರೀ ಹಿಂಡುವುದರಿಂದ ಪೂರ್ತಿ ಉತ್ತರ ಸಿಗಲ್ಲ. ಹೆಚ್ಚು ತೂಕದ ಕಾರಣ ನಿಧಾನದ್ದು. ವರ್ಷಗಟ್ಟಲೆ ಸೇದಿದವರ ವಸಡಲ್ಲಿ, ಪಾಚಿ ಎಷ್ಟೇ ಇರಲಿ, ಹೊಸ ನಾಳಗಳು ಬೇಕಾದಷ್ಟು ಹುಟ್ಟುವುದೇ ಇಲ್ಲ. ಸಂದಿನಿಂದ ಜಿನುಗುವ ದ್ರವವೂ ಕಡಿಮೆ. ಮೇಲೆ ಶಾಖಕ್ಕೆ, ಹೊಗೆಗೆ ಚರ್ಮ ದಪ್ಪಗಟ್ಟಿರುತ್ತದೆ. ಒಡೆಯೋಕೆ ಎಳೆ ನಾಳವೇ ಇಲ್ಲದಿದ್ದರೆ ರಕ್ತ ಎಲ್ಲಿಂದ ಬರಬೇಕು?

ಒಳಗಿನ ಹಾನಿ ಮಾತ್ರ ನಿಲ್ಲುವುದಿಲ್ಲ. ಹೊಗೆ ಬಿಳಿ ರಕ್ತಕಣಗಳನ್ನೂ ಹಾಳು ಮಾಡುತ್ತದೆ. ಅವು ನಿಧಾನವಾಗಿ ಬರುತ್ತವೆ, ಬಂದರೂ ಬ್ಯಾಕ್ಟೀರಿಯಾ ನುಂಗುವುದರಲ್ಲಿ ಹಿಂದೆ. ಆದರೆ ಸುತ್ತಲಿನ ಅಂಗಾಂಶ ಕರಗಿಸುವ ಕಿಣ್ವಗಳನ್ನು ಚೆಲ್ಲುವುದರಲ್ಲಿ ಏನೂ ಕಡಿಮೆ ಇಲ್ಲ. ಕಳ್ಳನನ್ನು ಹಿಡಿಯದೆ ಮನೆಯ ಸಾಮಾನು ಒಡೆದು ಹೋದ ಹಾಗೆ. ರಿಪೇರಿ ಮಾಡುವ ಜೀವಕೋಶಗಳಿಗೂ ನಿಕೋಟಿನ್ ಅಡ್ಡಿ. ಇತ್ತ ಮೂಳೆ ವರ್ಷ ವರ್ಷ ಸವೆಯುತ್ತದೆ, ಅತ್ತ ಕನ್ನಡಿಯಲ್ಲಿ ವಸಡು ಗಟ್ಟಿಯಾಗಿ ಕಾಣುತ್ತದೆ.

ಈ ಕಾಣುವುದಕ್ಕೆ ರೋಗಿ ಮಾತ್ರ ಮೋಸ ಹೋಗುವುದಲ್ಲ, ನಾನೂ ಹೋಗಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬರ ವಸಡನ್ನು ಕಣ್ಣಲ್ಲೇ ನೋಡಿ "ಚೆನ್ನಾಗಿದೆ" ಅಂತ ಬರೆದು ಕಳಿಸಿದ್ದೆ. ಪ್ರೋಬ್ ಹಿಡಿದಿರಲಿಲ್ಲ. ಸೇದುತ್ತೀರಾ ಅಂತ ಕೇಳಿಯೂ ಇರಲಿಲ್ಲ. ಮುಂದಿನ ವರ್ಷ ಅವರು ಅಲುಗಾಡುವ ಹಲ್ಲನ್ನು ನಾಲಿಗೆಯಿಂದ ಆಡಿಸುತ್ತಾ ಬಂದರು. ಆವತ್ತಿನಿಂದ ಕೇಳದೆ ಬಿಡುವುದಿಲ್ಲ.

ಅಮೆರಿಕದಲ್ಲಿ ಒಂದು ದೊಡ್ಡ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಲೆಕ್ಕ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಎಂದೂ ಸೇದದವರಿಗೆ ಹೋಲಿಸಿದರೆ ಈಗ ಸೇದುತ್ತಿರುವವರಿಗೆ ಮೂಳೆ ತಿನ್ನುವ ವಸಡಿನ ಕಾಯಿಲೆ ಇರುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು. ಜಾಸ್ತಿ ಸೇದಿದಷ್ಟೂ ಜಾಸ್ತಿ. ಅದಕ್ಕೇ ನಾನು "ಎಷ್ಟು" ಅಂತ ಪೀಡಿಸುವುದು. 2018ರಿಂದ ನಾವು ಬಳಸುವ ವರ್ಗೀಕರಣದಲ್ಲಿ ಕಾಯಿಲೆಗೆ ಎರಡು ಹೆಸರು ಕೊಡುತ್ತೇವೆ. ಈಗಾಗಲೇ ಎಷ್ಟು ಹಾಳಾಗಿದೆ ಅನ್ನೋದು ಸ್ಟೇಜ್. ಮುಂದೆ ಎಷ್ಟು ಬೇಗ ಹಾಳಾಗಬಹುದು ಅನ್ನೋದು ಗ್ರೇಡ್. ದಿನಕ್ಕೆ 10 ಸಿಗರೇಟಿಗಿಂತ ಕಡಿಮೆ ಇದ್ದರೆ ಕನಿಷ್ಠ ಬಿ, 10 ಅಥವಾ ಹೆಚ್ಚಾದರೆ ಸಿ. ನಮ್ಮ ಡ್ರೈವರ್ 15 ಅಂದಿದ್ದರಿಂದ ಸಿ. ಅವರು "ಯಾವಾಗಲೋ ಒಂದೊಂದು" ಅಂದಿದ್ದರೆ ನಾನು ಮೂರು ತಿಂಗಳಿಗೆ ಬನ್ನಿ ಅನ್ನೋ ಬದಲು ಒಂದು ವರ್ಷಕ್ಕೆ ಬನ್ನಿ ಅಂದುಬಿಡುತ್ತಿದ್ದೆನೇನೋ.

ಹೇಗೆ ಕೇಳಬೇಕು ಅನ್ನೋದೂ ಮುಖ್ಯ. ಅಪ್ಪನ ಎದುರು ಮಗನನ್ನು ಕೇಳಿದರೆ ಉತ್ತರ ಯಾವಾಗಲೂ "ಇಲ್ಲ". ಅತ್ತೆಯ ಎದುರು ಸೊಸೆಯನ್ನು ಕೇಳಿದರೂ ಅಷ್ಟೇ. ನಾನು ಎಕ್ಸ್‌ರೇ ನೆಪದಲ್ಲಿ ಜೊತೆಯವರನ್ನು ಹೊರಗೆ ಕೂರಿಸಿ ಕೇಳುತ್ತೇನೆ. ಇನ್ನು "ತಂಬಾಕು" ಅಂದರೆ ಎಷ್ಟೋ ಜನಕ್ಕೆ ಸಿಗರೇಟು ಮಾತ್ರ. ದಿನಾ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿ "ನಂಗೆ ಆ ಚಟ ಇಲ್ಲಮ್ಮ" ಅಂತ ಖಂಡಿತವಾಗಿ ಹೇಳುತ್ತಾರೆ, ಸುಳ್ಳಲ್ಲ, ಅವರ ಲೆಕ್ಕದಲ್ಲಿ ಅದು ಊಟದ ಭಾಗ. ಹಾಗಾಗಿ ಒಂದೊಂದೇ ಹೆಸರು ಹಿಡಿದು ಕೇಳಬೇಕು. ಬೀಡಿ, ಗುಟ್ಕಾ, ಕಡ್ಡಿಪುಡಿ, ನಶ್ಯ. ನಶ್ಯವನ್ನೇ ಹಲ್ಲಿಗೆ ತಿಕ್ಕುವವರಿದ್ದಾರೆ. ಬೆಳಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು ಅಂತಲೂ ಕೇಳುತ್ತೇನೆ. ಅರ್ಧ ಗಂಟೆಯೊಳಗೆ ಅಂದರೆ ಬಿಡುವುದು ಕಷ್ಟ, ಸಹಾಯ ಬೇಕು ಅಂತ ಅರ್ಥ.

ಸರಿ, ಡ್ರೈವರ್ ಕಥೆಗೆ ಬರೋಣ. ಯಾಕೆಂದರೆ ಅಸಲಿ ಸಂಗತಿ ಆಮೇಲೆ ಇದೆ.

ಮೊದಲ ಸಲ ಬಲಗಡೆಯ ಹಲ್ಲುಗಳಿಗೆ ಮಾತ್ರ ಆಳದ ಕ್ಲೀನಿಂಗ್ ಮಾಡಿದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವಸಡಿನ ಒಳಗೆ ಬೇರಿನ ಮೇಲಿರುವ ಕಪ್ಪು ಟಾರ್ಟರ್ ತೆಗೆಯುವ ಕೆಲಸ ಇದು. ಎಡಗಡೆ ಮುಂದಿನ ವಾರ ಅಂತ ಮಾತಾಗಿತ್ತು. ಅಷ್ಟರಲ್ಲಿ ಅವರಿಗೆ ಗುಜರಾತಿಗೆ ಲೋಡ್ ಸಿಕ್ಕಿತು, ಒಂದರ ಹಿಂದೆ ಇನ್ನೊಂದು. ಆದರೆ ಸಿಗರೇಟು ಮಾತ್ರ ಬಿಟ್ಟಿದ್ದರು. ಹೆಂಡತಿಯ ಆಲ್ಬಮ್ಮಿನ ಪ್ರಭಾವ ಇರಬೇಕು. ನಿಕೋಟಿನ್ ಗಮ್ ಬಳಸುವುದು ಹೇಗೆ ಅಂತ ತೋರಿಸಿದ್ದೆ. ಚೂಯಿಂಗ್ ಗಮ್ ಥರ ಜಗಿಯುತ್ತಲೇ ಇರುವುದಲ್ಲ. ನಾಲಿಗೆಗೆ ಖಾರ ತಾಗುವವರೆಗೆ ಜಗಿದು, ಕೆನ್ನೆ ಸಂದಿಯಲ್ಲಿ ಇಟ್ಟುಕೊಂಡು, ಖಾರ ಹೋದ ಮೇಲೆ ಮತ್ತೆ ಜಗಿಯಬೇಕು.

ಐದನೇ ವಾರ ಫೋನ್ ಬಂತು. ಸಿಟ್ಟಲ್ಲಿದ್ದರು. "ಏನ್ ಮೇಡಂ, 20 ವರ್ಷ ಸೇದಿದಾಗ ಒಂದು ಹನಿ ರಕ್ತ ಬರ್ಲಿಲ್ಲ. ಬಿಟ್ಟ ಮೇಲೆ ಬ್ರಶ್ ಪೂರ್ತಿ ಕೆಂಪು. ನಮ್ಮ ಕ್ಲೀನರ್ ಹೇಳ್ತಾನೆ, ಬಿಟ್ಟಿದ್ದಕ್ಕೇ ಹಿಂಗಾಗಿದೆ, ಒಂದು ಹಚ್ಚಣ್ಣ ಸರಿಹೋಗುತ್ತೆ ಅಂತ." ಕ್ಲೀನರ್ ಹುಡುಗ ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ ಅನ್ನೋದೇ ತೊಂದರೆ. ರಕ್ತ ಬಂದದ್ದು ಬಿಟ್ಟಿದ್ದಕ್ಕೇ. ಮತ್ತೆ ಶುರು ಮಾಡಿದರೆ ಅದು ಕಡಿಮೆಯಾಗಲೂಬಹುದು. ಮೂಳೆ ಸವೆಯುವುದು ಮುಂದುವರಿಯುತ್ತದೆ, ಅಷ್ಟೇ.

ಮೊದಲೇ ಹೇಳಿರದಿದ್ದರೆ ಈ ಹಂತದಲ್ಲಿ ಜನ ಮತ್ತೆ ಸಿಗರೇಟಿಗೆ ಹೋಗುತ್ತಾರೆ. ಲಂಡನ್ನಿನಲ್ಲಿ ಇದನ್ನು ಅಳೆದು 2003ರಲ್ಲಿ ಪ್ರಕಟಿಸಿದರು. ಸಿಗರೇಟು ಬಿಟ್ಟ 27 ಜನರ ವಸಡನ್ನು ಬಿಡುವ ಮೊದಲು ಒಮ್ಮೆ, ನಾಲ್ಕರಿಂದ ಆರು ವಾರದ ನಂತರ ಒಮ್ಮೆ ನೋಡಿದರು. ರಕ್ತ ಬರುವ ಜಾಗಗಳು ಶೇಕಡ 16ರಿಂದ 32ಕ್ಕೆ ಏರಿದ್ದವು. ಅದೂ ಹೇಗೆ, ಆ ಅವಧಿಯಲ್ಲಿ ಅವರ ಬಾಯಿ ಮೊದಲಿಗಿಂತ ಸ್ವಚ್ಛವಾಗಿತ್ತು. ಅಂದರೆ ಪಾಚಿ ಹೆಚ್ಚಿ ರಕ್ತ ಬಂದದ್ದಲ್ಲ. ನಾಳಗಳು ಮತ್ತೆ ಕೆಲಸ ಶುರು ಮಾಡಿದ್ದವು, ಮುಚ್ಚಿಟ್ಟಿದ್ದ ಕಾಯಿಲೆ ಮುಖ ತೋರಿಸಿತ್ತು.

ನಮ್ಮ ಡ್ರೈವರಿಗೆ "ಲೋಡ್ ಇಳಿಸಿ ಸೀದಾ ಇಲ್ಲಿಗೆ ಬನ್ನಿ, ಹಚ್ಚಬೇಡಿ" ಅಂದೆ. ಬಂದರು. ಬಾಯಿಯ ಎರಡೂ ಬದಿ ಬೇರೆ ಬೇರೆ ಮಾಡಿ ಅಳೆದೆ. ಒಂದೊಂದು ಬದಿಗೆ 84 ಜಾಗ. ಕ್ಲೀನ್ ಮಾಡಿದ್ದ ಬಲಗಡೆ ಮೊದಲು 11 ಕಡೆ ರಕ್ತ ಇತ್ತು, ಈಗ 8. ಕ್ಲೀನ್ ಮಾಡದೇ ಬಿಟ್ಟಿದ್ದ ಎಡಗಡೆ ಮೊದಲು 9, ಈಗ 31! ಅವರ ಕೈಗೇ ಕನ್ನಡಿ ಕೊಟ್ಟು ತೋರಿಸಿದೆ. ಬಾಯಿ ಒಂದೇ, ಬಿಟ್ಟ ಸಿಗರೇಟೂ ಒಂದೇ. ಟಾರ್ಟರ್ ಉಳಿದ ಕಡೆ ಮಾತ್ರ ದೀಪ ಹತ್ತಿದೆ. "ಬಲ್ಬ್ ಹಾಕ್ಸಿದ್ದೀನಿ ಅಂತಾಯ್ತು, ಇನ್ನು ಆಯಿಲ್ ಹಾಕಿ" ಅಂದರು. ಆವತ್ತೇ ಎಡಗಡೆ ಮುಗಿಸಿದೆ.

ಮೂರು ತಿಂಗಳ ಮೇಲೆ ನೋಡಿದಾಗ 5 ಮಿಲಿಮೀಟರ್ ಅಥವಾ ಹೆಚ್ಚು ಆಳದ ಜಾಗಗಳು 58ರಿಂದ 17ಕ್ಕೆ ಇಳಿದಿದ್ದವು. ಸೇದುತ್ತಲೇ ಇರುವವರಲ್ಲಿ ಇದೇ ಚಿಕಿತ್ಸೆಗೆ ಇಷ್ಟು ಫಲ ಸಿಗುವುದು ಅಪರೂಪ. ಹಾಗಂತ ಎಲ್ಲ ವಾಪಸ್ ಬರಲಿಲ್ಲ. ಹೋದ ಮೂಳೆ ಹೋದದ್ದೇ. ವಸಡು ಕುಗ್ಗಿ ಹಲ್ಲುಗಳು ಮೊದಲಿಗಿಂತ ಉದ್ದವಾಗಿ ಕಂಡವು, ಮುಂದಿನ ಸಂದು ಹಾಗೇ ಇದೆ. ಮೇಲಿನ ಎಡ ದವಡೆಯ ಒಂದು ಹಲ್ಲಿನಲ್ಲಿ ಮೂಳೆ ಮೂರು ಬೇರು ಕವಲೊಡೆಯುವ ಜಾಗದವರೆಗೂ ಕರಗಿತ್ತು. ಅಲ್ಲಿ ಬ್ರಶ್ಶೂ ಹೋಗಲ್ಲ, ನನ್ನ ಉಪಕರಣವೂ ಸರಿಯಾಗಿ ಹೋಗಲ್ಲ. ಅದನ್ನು ಕೊನೆಗೆ ಕೀಳಬೇಕಾಯಿತು.

ಈಗ ನಿಮ್ಮ ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬ ಯಜಮಾನರು ಕೇಳಿದರು: "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅಂತಾರಲ್ಲ?"

ಹಾಗೆ ಅನಿಸುತ್ತದೆ, ನಿಮ್ಮ ಅನುಭವ ಸುಳ್ಳಲ್ಲ. ಮೂಳೆ ಆಗಲೇ ಹೋಗಿರುತ್ತದೆ, ಹಲ್ಲುಗಳನ್ನು ಪಕ್ಕದ ಹಲ್ಲಿಗೆ ಅಂಟಿಸಿ ಹಿಡಿದದ್ದು ಟಾರ್ಟರ್ ಗೋಡೆ. ಅದನ್ನು ತೆಗೆದಾಗ ಇದ್ದ ಸಡಿಲ ಗೊತ್ತಾಗುತ್ತದೆ. ವಸಡು ವಾಸಿಯಾದಂತೆ ಎಷ್ಟೋ ಹಲ್ಲು ಸ್ವಲ್ಪ ಬಿಗಿಯಾಗುತ್ತವೆ. ಟಾರ್ಟರನ್ನೇ ಸಿಮೆಂಟು ಅಂತ ಉಳಿಸಿಕೊಂಡರೆ ಒಂದು ದಿನ ಸಿಮೆಂಟಿನ ಸಮೇತ ಕೈಗೆ ಬರುತ್ತದೆ.

ಒಬ್ಬ ಹೆಣ್ಣುಮಗಳು ಕೇಳಿದ್ದು: "ನಮ್ಮ ಯಜಮಾನರಿಗೆ ರಕ್ತ ಬರಲ್ಲ, ತೋರಿಸ್ಕೊಳ್ಳಿ ಅಂದ್ರೆ ಒಪ್ಪಲ್ಲ. ಮನೆಯಲ್ಲೇ ಗೊತ್ತಾಗುವುದು ಹೇಗೆ?"

ಸೇದುವವರಾದರೆ ರಕ್ತವನ್ನು ಮರೆತುಬಿಡಿ. ಮೊದಲು ಸಿಕ್ಕಿಕೊಳ್ಳದ ಕಡೆ ಈಗ ಊಟ ಸಿಕ್ಕಿಕೊಳ್ಳುತ್ತಿದೆಯಾ, ಕಡ್ಡಿ ಹುಡುಕುತ್ತಾರಾ ನೋಡಿ. ಹಲ್ಲು ಉದ್ದವಾದ ಹಾಗೆ, ಹೊಸ ಸಂದು ಬಂದ ಹಾಗೆ ಕಾಣುತ್ತದಾ ಅಂತ ಹಳೇ ಫೋಟೋ ತೆಗೆದು ಹೋಲಿಸಿ. ಬ್ರಶ್ ಮಾಡಿದ ಮೇಲೂ ಬಾಯಿ ವಾಸನೆ ಉಳಿಯುತ್ತದಾ. ಕರೆದುಕೊಂಡು ಬಂದಾಗ ಡಾಕ್ಟರನ್ನು "ಪಾಕೆಟ್ ಅಳೆದಿರಾ, ಎಷ್ಟು ಬಂತು" ಅಂತ ಕೇಳಿ. ಅಳೆಯದೆ "ಚೆನ್ನಾಗಿದೆ" ಅಂದರೆ ನನ್ನ ಹಳೇ ತಪ್ಪನ್ನು ನೆನಪಿಸಿಕೊಳ್ಳಿ.

ಕೊನೆಗೆ ಒಬ್ಬ ಹುಡುಗ, ಜೇಬಿನಲ್ಲಿ ಪ್ಯಾಕಿನ ಆಕಾರ ಕಾಣುತ್ತಿತ್ತು: "ಬಿಟ್ಟರೆ ವಸಡು ಸೇದದವರ ಥರ ಆಗೋಕೆ ಎಷ್ಟು ದಿನ?"

ದಿನದ ಲೆಕ್ಕ ಅಲ್ಲಪ್ಪ. ರಕ್ತದ ಹರಿವು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳೋಕೆ ಶುರುವಾಗುತ್ತದೆ. ಕಾಯಿಲೆಯ ಅಪಾಯ ಇಳಿಯುವುದು ವರ್ಷಗಳ ಲೆಕ್ಕ. ನಾನು ಆಗ ಹೇಳಿದ ಅಮೆರಿಕದ ಸಮೀಕ್ಷೆಯಲ್ಲಿ, ಬಿಟ್ಟು 11 ವರ್ಷ ಆದವರಲ್ಲಿ ಅಪಾಯ ಎಂದೂ ಸೇದದವರ ಹತ್ತಿರಕ್ಕೆ ಬಂದಿತ್ತು. ನಿನಗೆ ಈಗ ಎಷ್ಟು ವಯಸ್ಸು?

"ಇಪ್ಪತ್ಮೂರು ಮೇಡಂ."

ಹಾಗಾದರೆ ಮೂವತ್ನಾಲ್ಕಕ್ಕೆ.